ಗುರುವಾರವೆಂದು ಹೇಳಿ ಶನಿವಾರ ತಂದ ಪಾರ್ಸೆಲ್

ಪ್ರಶ್ನೆ: ನಾವಿರುವುದು ಸಾಗರದಲ್ಲಿ. ಬೇಗ ಡೆಲಿವರಿ ಸಿಗುತ್ತದೆಂದು ಒಂದು ಆನ್‌ಲೈನ್ ಮಳಿಗೆಯ ಸದಸ್ಯತ್ವಕ್ಕೆ ವರ್ಷಕ್ಕೆ 1,499 ರೂಪಾಯಿ ಕಟ್ಟಿದ್ದೇನೆ. ಮಗಳ ಸೀಮಂತಕ್ಕೆ 24 ಸ್ಟೀಲ್ ಡಬ್ಬಿ ತರಿಸಿದೆ, 2,160 ರೂಪಾಯಿ. ಗುರುವಾರ ಅಂದವರು ಶನಿವಾರ ತಂದರು, ಸೀಮಂತ ಶುಕ್ರವಾರವೇ ಮುಗಿದಿತ್ತು. ಊರಿನ ಪಾತ್ರೆ ಅಂಗಡಿಯಲ್ಲಿ 3,000 ಕೊಟ್ಟು ಬೇರೆ ಡಬ್ಬಿ ಕೊಂಡೆವು. ಪಾರ್ಸೆಲನ್ನು ನಮ್ಮ ಯಜಮಾನರು ತೆಗೆದುಕೊಂಡುಬಿಟ್ಟಿದ್ದಾರೆ. ಇದಾಗಿ ನಾಲ್ಕು ದಿನ. ಕಂಪನಿಯವರು 50 ರೂಪಾಯಿ ಕೂಪನ್ ಕೊಟ್ಟು ಕೈತೊಳೆದುಕೊಂಡರು. ಕಳೆದ ವರ್ಷ 46 ಆರ್ಡರ್ ಮಾಡಿದ್ದೇನೆ, ಅದರಲ್ಲಿ 27 ಐನೂರರೊಳಗಿನವು. ಸದಸ್ಯರಲ್ಲದವರಿಗೆ 499ಕ್ಕಿಂತ ಕಡಿಮೆಯಾದರೆ 40 ರೂಪಾಯಿ ಡೆಲಿವರಿ ಚಾರ್ಜ್, ಮೇಲಾದರೆ ಉಚಿತ. 399ರ ಇನ್ನೊಂದು ಯೋಜನೆಯೂ ಇದೆಯಂತೆ. ಮೂರು ವಾರದಲ್ಲಿ ನವೀಕರಣ. ಮುಂದುವರಿಸಬೇಕೆ? ತಡವಾದದ್ದಕ್ಕೆ ಏನು ಕೇಳಬಹುದು?

ಉತ್ತರ: ನಿಮ್ಮ ಲೆಕ್ಕಕ್ಕೆ 1,499ರ ಯೋಜನೆ ನಷ್ಟದ್ದು, 399ರದ್ದು ಪರವಾಗಿಲ್ಲ. ಡಬ್ಬಿಗಳ ಪೂರ್ತಿ ಬೆಲೆಯನ್ನು ಹಿಂದಕ್ಕೆ ಕೇಳಲು ನಿಮಗೆ ಹಕ್ಕಿದೆ. ಅಂಗಡಿಯಲ್ಲಿ ಹೆಚ್ಚಿಗೆ ಕೊಟ್ಟ 840 ರೂಪಾಯಿಯನ್ನೂ ಕೇಳಬಹುದು, ಆದರೆ ಅದು ಸುಲಭವಾಗಿ ಕೈಗೆ ಬರುವ ಹಣವಲ್ಲ. ಸದಸ್ಯತ್ವದ ಹಣ ವಾಪಸು ಬಂದೀತೆಂಬ ಆಸೆ ಬೇಡ. ದಿನ ಕಳೆದಷ್ಟೂ ಡಬ್ಬಿಗಳ ವಿಷಯದಲ್ಲಿ ನಿಮ್ಮ ಕೈ ಸೋಲುತ್ತದೆಯಾದ್ದರಿಂದ ಮೊದಲು ಅದನ್ನೇ ನೋಡೋಣ.

ಇಲ್ಲಿ ಒಂದಲ್ಲ, ಎರಡು ಒಪ್ಪಂದಗಳಿವೆ. ಡಬ್ಬಿಗಳನ್ನು ನಿಮಗೆ ಮಾರಿದವರು ಆ ಜಾಲತಾಣದಲ್ಲಿ ಅಂಗಡಿ ತೆರೆದಿರುವ ಯಾರೋ ಒಬ್ಬ ಮಾರಾಟಗಾರರು, ಅವರ ಹೆಸರು ನಿಮ್ಮ ಬಿಲ್ಲಿನಲ್ಲಿ ಇರುತ್ತದೆ. ಸದಸ್ಯತ್ವವನ್ನು ಮಾರಿದವರು ಮಾತ್ರ ಜಾಲತಾಣದ ಕಂಪನಿಯವರೇ. ನೀವು ದೂರು ಕೊಟ್ಟಾಗ ಕಂಪನಿಯವರು ಸಾಮಾನ್ಯವಾಗಿ ‘ನಾವು ಬರೀ ಮಧ್ಯವರ್ತಿಗಳು, ಸರಕಿನ ಹೊಣೆ ಮಾರಾಟಗಾರರದ್ದು’ ಎಂದು ಹೇಳಿ ಜಾರಿಕೊಳ್ಳಲು ನೋಡುತ್ತಾರೆ. ಡಬ್ಬಿ ಸೊಟ್ಟಗಿದ್ದರೆ ಆ ಮಾತಿಗೆ ಒಂದಿಷ್ಟು ತೂಕ ಇರುತ್ತಿತ್ತು. ಆದರೆ ಡಬ್ಬಿ ಚೆನ್ನಾಗಿದೆ, ಕೆಟ್ಟದ್ದು ಸಾಗಣೆ. ಆ ಸಾಗಣೆಯ ವೇಗಕ್ಕೆಂದೇ ನೀವು ಪ್ರತ್ಯೇಕವಾಗಿ ಹಣ ಕಟ್ಟಿದ್ದೀರಿ. ಆದ್ದರಿಂದ ದೂರನ್ನು ಇಬ್ಬರ ಹೆಸರಿಗೂ ಬರೆಯಿರಿ, ಯಾರದು ಎಷ್ಟು ಹೊಣೆ ಎಂಬುದನ್ನು ಅವರವರೇ ಹಂಚಿಕೊಳ್ಳಲಿ.

ಹಣ ವಾಪಸಿಗೆ ಆಧಾರವಾಗಿರುವುದು 2020ರ ಜುಲೈಯಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳು. ಮಾರಾಟಗಾರರ ಕರ್ತವ್ಯಗಳನ್ನು ಹೇಳುವ 6ನೇ ನಿಯಮದಲ್ಲಿ, ಸರಕು ದೋಷಪೂರಿತವಾಗಿದ್ದರೆ ಅಥವಾ ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದಿದ್ದರೆ ಮಾತ್ರವಲ್ಲ, ತಿಳಿಸಿದ ವೇಳೆಗಿಂತ ತಡವಾಗಿ ತಲುಪಿದರೂ ಅದನ್ನು ಹಿಂದಕ್ಕೆ ಪಡೆಯಲು ಅಥವಾ ಹಣ ಮರಳಿಸಲು ನಿರಾಕರಿಸುವಂತಿಲ್ಲ ಎಂದಿದೆ. ಈ ಸಾಲು ಹೆಚ್ಚಿನವರಿಗೆ ಗೊತ್ತಿಲ್ಲ. ‘ಈ ವಸ್ತುವಿಗೆ ರಿಟರ್ನ್ ಇಲ್ಲ, ಬದಲಿ ಮಾತ್ರ’ ಎಂದು ಪುಟದಲ್ಲಿ ಬರೆದಿದ್ದರೂ, ತಡವಾಗಿ ಬಂದ ಸರಕಿನ ಮಟ್ಟಿಗೆ ಆ ಬರಹ ಕಾನೂನಿಗಿಂತ ದೊಡ್ಡದಲ್ಲ.

ಅದೇ ನಿಯಮದಲ್ಲಿ ಒಂದು ವಿನಾಯಿತಿಯೂ ಇದೆ: ಮನುಷ್ಯರ ಕೈಮೀರಿದ ಕಾರಣದಿಂದ ತಡವಾಗಿದ್ದರೆ ಈ ಹಕ್ಕು ಅನ್ವಯಿಸುವುದಿಲ್ಲ. ಮಲೆನಾಡಿನವರಾದ ನಿಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಆ ವಾರ ಗುಡ್ಡ ಕುಸಿದು ರಸ್ತೆ ಮುಚ್ಚಿದ್ದರೆ, ನೆರೆ ಬಂದು ಸಂಚಾರ ನಿಂತಿದ್ದರೆ ನಿಮ್ಮ ಕೇಳಿಕೆ ಬಿದ್ದುಹೋಗುತ್ತದೆ. ಹಬ್ಬದ ಮಾರಾಟದ ರಶ್ಶು, ಹುಡುಗರು ರಜೆ ಹಾಕಿದ್ದು, ಗೋದಾಮಿನಲ್ಲಿ ಪಾರ್ಸೆಲ್ ತಪ್ಪು ಚೀಲಕ್ಕೆ ಹೋದದ್ದು ಇವೆಲ್ಲ ಕೈಮೀರಿದ ಕಾರಣಗಳಲ್ಲ, ಇವು ವ್ಯಾಪಾರದ ದಿನನಿತ್ಯದ ತಾಪತ್ರಯಗಳು ಎಂಬುದು ನನ್ನ ಅಭಿಪ್ರಾಯ. ಯಾವುದು ಎಂದು ತಿಳಿಯಲು ಟ್ರ್ಯಾಕಿಂಗ್ ಪುಟವನ್ನು ಕೆಳಗಿನಿಂದ ಮೇಲಕ್ಕೆ ಓದಿ. ಪಾರ್ಸೆಲ್ ಶಿವಮೊಗ್ಗಕ್ಕೆ ಬುಧವಾರವೇ ಬಂದು ಎರಡು ದಿನ ಅಲ್ಲೇ ಕುಳಿತಿದ್ದರೆ, ಸುಮಾರು 70 ಕಿಲೋಮೀಟರ್ ದೂರದ ಸಾಗರಕ್ಕೆ ಬಸ್ಸು ಓಡಾಡುತ್ತಿದ್ದ ದಿನಗಳಲ್ಲಿ ಮಳೆಯ ಮೇಲೆ ತಪ್ಪು ಹೊರಿಸಲು ಅವರಿಗೆ ಬಾಯಿಲ್ಲ.

ಈಗ ಸಾಕ್ಷ್ಯದ ಮಾತು. ಇಂಥ ದೂರುಗಳು ಹೆಚ್ಚಾಗಿ ಸೋಲುವುದು ಇಲ್ಲಿಯೇ. ಆರ್ಡರ್ ಪುಟವನ್ನು ನೀವು ಇವತ್ತು ತೆರೆದರೆ ‘ಶನಿವಾರ ತಲುಪಿಸಲಾಗಿದೆ’ ಎಂದಷ್ಟೇ ಕಾಣುವ ಸಾಧ್ಯತೆ ಹೆಚ್ಚು. ತಡವಾಗುತ್ತದೆಂದು ಗೊತ್ತಾದ ಕೂಡಲೇ ಹಳೆಯ ದಿನಾಂಕವನ್ನು ತೆಗೆದು ಹೊಸ ದಿನಾಂಕ ಹಾಕುತ್ತಾರೆ, ಕೊಟ್ಟ ಮಾತು ಪುಟದ ಮೇಲಿಂದ ಅಳಿಸಿಹೋಗುತ್ತದೆ. ಅದು ಉಳಿದಿರುವುದು ಆರ್ಡರ್ ಖಚಿತಪಡಿಸಿ ಅಂದೇ ಬಂದ ಇಮೇಲ್ ಅಥವಾ ಎಸ್‌ಎಂಎಸ್‌ನಲ್ಲಿ. ‘ಗುರುವಾರದೊಳಗೆ ತಲುಪುತ್ತದೆ’ ಎಂಬ ಸಾಲು ಅದರಲ್ಲಿದ್ದರೆ ಈಗಲೇ ಅದರ ಸ್ಕ್ರೀನ್‌ಶಾಟ್ ತೆಗೆದಿಡಿ, ಜೊತೆಗೆ ‘ತಡವಾಗುತ್ತಿದೆ, ಕ್ಷಮಿಸಿ’ ಎಂದು ಬಂದ ಸಂದೇಶವನ್ನೂ ಇಟ್ಟುಕೊಳ್ಳಿ. ಆ ಎರಡನೆಯ ಸಂದೇಶದಲ್ಲಿ ಅವರು ತಮ್ಮ ಬಾಯಿಂದಲೇ ತಡವನ್ನು ಒಪ್ಪಿಕೊಂಡಂತಾಗುತ್ತದೆ. ಕೂಪನ್ ಕೊಟ್ಟಾಗಿನ ಚಾಟ್ ಕೂಡ ಹಾಗೆಯೇ. ಕೂಪನ್ನನ್ನು ಇನ್ನೂ ಬಳಸಿಲ್ಲವಾದರೆ ಸದ್ಯಕ್ಕೆ ಬಳಸಬೇಡಿ. ಬಳಸಿದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ, ಆದರೆ ‘ಪರಿಹಾರ ಒಪ್ಪಿಕೊಂಡಿದ್ದಾರೆ’ ಎಂದು ಎದುರಿನವರು ಹೇಳಲು ಒಂದು ಎಳೆ ಸಿಕ್ಕಂತಾಗುತ್ತದೆ.

ಪಾರ್ಸೆಲನ್ನು ನಿಮ್ಮ ಯಜಮಾನರು ಸ್ವೀಕರಿಸಿದ್ದರಿಂದ ಏನಾಯಿತು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಬಾಗಿಲಲ್ಲೇ ಬೇಡವೆಂದಿದ್ದರೆ ಕೆಲಸ ಹಗುರವಾಗುತ್ತಿತ್ತು: ಪಾರ್ಸೆಲ್ ಗೋದಾಮಿಗೆ ಮರಳಿದ ಮೇಲೆ ಹಣ ತಾನಾಗಿ ವಾಪಸಾಗುವುದೇ ಸಾಮಾನ್ಯ ಕ್ರಮ. ತೆಗೆದುಕೊಂಡದ್ದರಿಂದ ಹಿಂದಿರುಗಿಸುವ ಹಕ್ಕು ಹೋಗಲಿಲ್ಲ, ಏಕೆಂದರೆ ನಿಯಮವು ಹಿಂದಕ್ಕೆ ಪಡೆಯುವ ಮಾತನ್ನೇ ಆಡುತ್ತದೆ, ಹಿಂದಕ್ಕೆ ಪಡೆಯಬೇಕಾದರೆ ಸರಕು ಒಮ್ಮೆ ತಲುಪಿರಲೇಬೇಕಲ್ಲವೆ? ಆದರೆ 840 ರೂಪಾಯಿಯ ವಿಷಯ ಬೇರೆ. 1872ರ ಭಾರತೀಯ ಕರಾರು ಕಾಯಿದೆಯ 55ನೇ ಕಲಮಿನಲ್ಲಿ ಹಳೆಯದೊಂದು ಷರತ್ತಿದೆ. ವೇಳೆಯೇ ಮುಖ್ಯವಾಗಿದ್ದ ಕರಾರಿನಲ್ಲಿ ಎದುರಿನವರು ತಡ ಮಾಡಿ, ನಾವು ಆ ತಡವಾದದ್ದನ್ನೇ ಸ್ವೀಕರಿಸಿದರೆ, ಸ್ವೀಕರಿಸುವ ಹೊತ್ತಿನಲ್ಲಿಯೇ ‘ನಷ್ಟವನ್ನು ಕೇಳುತ್ತೇನೆ’ ಎಂದು ತಿಳಿಸಿರಬೇಕು. ಇಲ್ಲವಾದರೆ ತಡದಿಂದಾದ ನಷ್ಟಕ್ಕೆ ಪರಿಹಾರ ಕೇಳುವಂತಿಲ್ಲ. ಎತ್ತಿನ ಗಾಡಿಯ ಕಾಲದಲ್ಲಿ ಬರೆದ ಈ ಮಾತು ಇವತ್ತಿನ ಪಾರ್ಸೆಲ್ಲಿಗೂ ಅಂಟಿಕೊಳ್ಳುತ್ತದೆ. ಹಾಗೆಂದು ಬಾಗಿಲು ಪೂರ್ತಿ ಮುಚ್ಚಿಲ್ಲ. ಗ್ರಾಹಕ ಸಂರಕ್ಷಣಾ ಕಾಯಿದೆಯ ಪರಿಹಾರಗಳು ಬೇರೆ ಕಾನೂನುಗಳ ಪರಿಹಾರಗಳಿಗೆ ಹೆಚ್ಚುವರಿಯಾಗಿ ಇರುವಂಥವು, ಸೇವಾ ನ್ಯೂನತೆಯೆಂದು ಅದರಡಿ ಕೇಳಬಹುದು. ಆದರೂ ಶನಿವಾರ ಬೆಳಿಗ್ಗೆ ‘ತಡವಾಗಿ ತರುತ್ತಿದ್ದೀರಿ, ನನ್ನ ಹಕ್ಕನ್ನು ಬಿಟ್ಟುಕೊಡದೆ ತೆಗೆದುಕೊಳ್ಳುತ್ತಿದ್ದೇನೆ’ ಎಂದು ಚಾಟ್‌ನಲ್ಲಿ ಒಂದು ಸಾಲು ಬರೆದಿದ್ದರೆ ನಿಮ್ಮ ಸ್ಥಿತಿ ಇಂದಿಗಿಂತ ಗಟ್ಟಿಯಾಗಿರುತ್ತಿತ್ತು. ಮುಂದಿನ ಸಲಕ್ಕೆ ಇದನ್ನು ನೆನಪಿಡಿ. ತಂದುಕೊಡುವ ಹುಡುಗನ ಬಳಿ ಹೇಳಿ ಉಪಯೋಗವಿಲ್ಲ, ಪಾಪ, ಆತನ ಕೈಗೆ ಪಾರ್ಸೆಲ್ ಸಿಕ್ಕಿದ್ದೇ ಅಂದು ಬೆಳಿಗ್ಗೆ ಇರಬಹುದು.

840 ರೂಪಾಯಿಯ ಲೆಕ್ಕವಾದರೂ ನ್ಯಾಯವಾದದ್ದೇ. ಸರಕು ಹೊತ್ತಿಗೆ ಬಾರದೆ ಅದೇ ಬಗೆಯ ಸರಕನ್ನು ಬೇರೆಡೆ ಕೊಳ್ಳಬೇಕಾಗಿ ಬಂದರೆ, ಎರಡು ಬೆಲೆಗಳ ನಡುವಿನ ವ್ಯತ್ಯಾಸವೇ ನಷ್ಟವನ್ನು ಅಳೆಯುವ ರೂಢಿಯ ಮಾನದಂಡ. ನೀವು ಡಬ್ಬಿಯೊಂದಕ್ಕೆ 90ರ ಬದಲು 125 ಕೊಟ್ಟಿರಿ, 35 ರೂಪಾಯಿಯಂತೆ 24ಕ್ಕೆ 840. ಆದರೆ ಇದು ನಿಲ್ಲಬೇಕಾದರೆ ಪಾತ್ರೆ ಅಂಗಡಿಯ ಬಿಲ್ಲು ಬೇಕು, ಅದರಲ್ಲಿ ಸೀಮಂತದ ದಿನದ ಅಥವಾ ಹಿಂದಿನ ದಿನದ ತಾರೀಖು ಇರಬೇಕು, ಡಬ್ಬಿಗಳು ಹೆಚ್ಚುಕಡಿಮೆ ಅದೇ ಅಳತೆಯವಾಗಿರಬೇಕು. ಚೀಟಿಯಲ್ಲಿ ಬರೆದುಕೊಟ್ಟಿದ್ದರೆ ಅಂಗಡಿಯವರಿಂದ ಈಗಲೇ ಸರಿಯಾದ ಬಿಲ್ಲು ಕೇಳಿ ಪಡೆಯಿರಿ. ಶುಭಕಾರ್ಯದ ಹೊತ್ತಿನಲ್ಲಿ ಆದ ಮನಸ್ಸಿನ ಕಿರಿಕಿರಿಗೂ ಪರಿಹಾರ ಕೇಳುವವರಿದ್ದಾರೆ, ಗ್ರಾಹಕ ಆಯೋಗಗಳು ಕೊಟ್ಟದ್ದೂ ಉಂಟು. ಆದರೆ ಡಬ್ಬಿಗಳು ಸೀಮಂತಕ್ಕೆ ಬೇಕೆಂಬುದು ಮಾರಾಟಗಾರರಿಗೆ ಗೊತ್ತೇ ಇರಲಿಲ್ಲವಾದ್ದರಿಂದ ನಿಮ್ಮ ಪ್ರಕರಣದಲ್ಲಿ ಅದನ್ನು ಮುಂದೆ ಮಾಡುವುದು ಅಷ್ಟು ಜಾಣತನವಲ್ಲ.

ದೂರು ಹೋಗಬೇಕಾದದ್ದು ಚಾಟ್‌ನಲ್ಲಿ ಕುಳಿತವರಿಗಲ್ಲ. ಪ್ರತಿಯೊಂದು ಇ-ಕಾಮರ್ಸ್ ಕಂಪನಿಯೂ ಒಬ್ಬ ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ, ಅವರ ಹೆಸರು ಮತ್ತು ಸಂಪರ್ಕ ವಿವರವನ್ನು ಜಾಲತಾಣದಲ್ಲಿ ಹಾಕಿರಬೇಕು. ಸಾಮಾನ್ಯವಾಗಿ ಅದು ಪುಟದ ತೀರಾ ತಳದಲ್ಲಿ, ಸಣ್ಣ ಅಕ್ಷರದಲ್ಲಿ ಸಿಗುತ್ತದೆ. ದೂರು ಬಂದದ್ದನ್ನು 48 ಗಂಟೆಗಳೊಳಗೆ ಒಪ್ಪಿ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು ಎಂಬುದು ಅದೇ ನಿಯಮಗಳಲ್ಲಿದೆ. ಉದ್ದದ ಪತ್ರ ಬೇಡ. ಹೀಗೆ ಬರೆದರೆ ಸಾಕು:

“ಆರ್ಡರ್ ಸಂಖ್ಯೆ ಇಂಥದ್ದು. ಗುರುವಾರದೊಳಗೆ ತಲುಪಿಸುವುದಾಗಿ ಆರ್ಡರ್ ಖಚಿತಪಡಿಸಿದ ಇಮೇಲ್‌ನಲ್ಲಿ ತಿಳಿಸಿದ್ದೀರಿ, ತಲುಪಿದ್ದು ಶನಿವಾರ. 24 ಡಬ್ಬಿಗಳೂ ಬಳಸದೆ ಇವೆ. 2020ರ ಇ-ಕಾಮರ್ಸ್ ನಿಯಮಗಳ 6ನೇ ನಿಯಮದಂತೆ ಇವುಗಳನ್ನು ಹಿಂದಕ್ಕೆ ಪಡೆದು 2,160 ರೂಪಾಯಿಯನ್ನು ನಾನು ಪಾವತಿಸಿದ ಖಾತೆಗೇ ಮರಳಿಸಬೇಕು. ತಡದಿಂದಾಗಿ ಬೇರೆಡೆ ಕೊಳ್ಳಬೇಕಾಗಿ ಬಂದದ್ದರಿಂದ ಆದ 840 ರೂಪಾಯಿ ನಷ್ಟವನ್ನೂ ಕೊಡಬೇಕು. ಬಿಲ್ಲು ಲಗತ್ತಿಸಿದ್ದೇನೆ. ತಡಕ್ಕೆ ಕೈಮೀರಿದ ಕಾರಣವಿತ್ತು ಎನ್ನುವುದಾದರೆ ಅದನ್ನು ಲಿಖಿತವಾಗಿ ತಿಳಿಸಬೇಕು.”

ಕೊನೆಯ ವಾಕ್ಯವನ್ನು ಬಿಡಬೇಡಿ. ವಿನಾಯಿತಿಯ ಹೊರೆಯನ್ನು ಅವರ ಹೆಗಲಿಗೆ ಹಾಕುವುದು ಅದೇ. ‘ಖಾತೆಗೇ’ ಎಂಬ ಪದವೂ ಮುಖ್ಯ, ಇಲ್ಲದಿದ್ದರೆ ಹಣವನ್ನು ಅವರದೇ ವ್ಯಾಲೆಟ್ಟಿಗೆ ಹಾಕಿ ಮುಗಿಸುವ ಸಂಭವವಿದೆ.

ತಿಂಗಳೊಳಗೆ ದಾರಿ ಕಾಣದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಅಥವಾ consumerhelpline.gov.in ನಲ್ಲಿ ದೂರು ದಾಖಲಿಸಿ. ಅದು ನ್ಯಾಯಾಲಯವಲ್ಲ, ಆದೇಶ ಹೊರಡಿಸುವುದಿಲ್ಲ. ದೂರನ್ನು ಕಂಪನಿಗೆ ದಾಟಿಸಿ ಉತ್ತರ ತರಿಸುತ್ತದೆ. ನನ್ನ ಬಳಿ ಬಂದವರ ಅನುಭವದಲ್ಲಿ ಬೆಲೆ ವಾಪಸಿನಂಥ ನೇರ ಕೇಳಿಕೆಗಳು ಹೆಚ್ಚಾಗಿ ಇಲ್ಲಿಗೇ ಮುಗಿಯುತ್ತವೆ. ಅದೂ ಆಗದಿದ್ದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಬಂದ ಮೇಲೆ ಕಂಪನಿಯ ಕಚೇರಿ ಎಲ್ಲಿಯೇ ಇರಲಿ, ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ದಾವೆ ಹೂಡಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಹೂಡಬೇಕು. 840 ರೂಪಾಯಿಗಾಗಿ ಶಿವಮೊಗ್ಗಕ್ಕೆ ಓಡಾಡುವುದು ಬೇಕೆ ಎಂಬುದನ್ನು ನೀವೇ ತೂಗಿ ನೋಡಿ; ನಾನಾದರೆ 2,160 ಬಂದ ಮೇಲೆ ಅಲ್ಲಿಗೆ ಬಿಟ್ಟುಬಿಡುತ್ತಿದ್ದೆ.

ಇನ್ನು ಸದಸ್ಯತ್ವ. ನಿಮ್ಮ 46 ಆರ್ಡರ್‌ಗಳಲ್ಲಿ 19 ಹೇಗೂ ಉಚಿತವಾಗಿ ಬರುತ್ತಿದ್ದವು, ಆದ್ದರಿಂದ ಅವನ್ನು ಲೆಕ್ಕದಿಂದ ತೆಗೆದುಬಿಡಿ. ಉಳಿದ 27ಕ್ಕೆ 40ರಂತೆ 1,080 ರೂಪಾಯಿ. 1,499 ದುಡಿಯಬೇಕಾದರೆ ಇಂಥ ಸಣ್ಣ ಆರ್ಡರ್‌ಗಳು 38 ಆಗಬೇಕಿತ್ತು. ಆದರೆ 1,080 ಎಂಬುದೂ ಉಬ್ಬಿದ ಅಂಕಿ. ಡೆಲಿವರಿ ಚಾರ್ಜಿನ ಚಿಂತೆ ಇಲ್ಲದಾಗ ನಾವು ಸೋಮವಾರ ಮಿಕ್ಸಿಯ ವಾಷರ್ ತರಿಸಿ, ಬುಧವಾರ ಪೆನ್ನಿನ ರೀಫಿಲ್ ತರಿಸುತ್ತೇವೆ. ಚಾರ್ಜ್ ಇದ್ದಿದ್ದರೆ ಎರಡನ್ನೂ ಸೇರಿಸಿ ಒಂದೇ ಆರ್ಡರ್ ಮಾಡುತ್ತಿದ್ದೆವು, ಅಥವಾ ಪೇಟೆಗೆ ಹೋದಾಗ ತರುತ್ತಿದ್ದೆವು. ನಿಮ್ಮ ಆರ್ಡರ್ ಪಟ್ಟಿಯನ್ನು ತೆರೆದು, ಒಂದೇ ವಾರದೊಳಗೆ ಬಂದ ಸಣ್ಣ ಆರ್ಡರ್‌ಗಳನ್ನು ಪೆನ್ಸಿಲಿನಿಂದ ಜೋಡಿಸುತ್ತ ಬನ್ನಿ. ಹಾಗೆ ಜೋಡಿಸಿದಾಗ 27 ಇದ್ದದ್ದು 16ಕ್ಕೆ ಇಳಿಯಿತು ಎಂದುಕೊಳ್ಳಿ, ಆಗ ನಿಜವಾದ ಉಳಿತಾಯ 640 ರೂಪಾಯಿ. 399ರ ಯೋಜನೆಗೆ 10 ಆರ್ಡರ್ ಸಾಕಾಗುವುದರಿಂದ ಅದು ನಿಮಗೆ ಗಿಟ್ಟುತ್ತದೆ. 1,499ರಲ್ಲಿ ಸಿನಿಮಾ, ಹಾಡು ಸೇರಿದ್ದರೆ, ಬೇರೆಯಾಗಿ ಕೊಳ್ಳಬೇಕಾಗಿ ಬಂದರೂ ಅವನ್ನು ಕೊಳ್ಳುತ್ತಿದ್ದೆವು ಎಂದು ಮನೆಯವರು ಹೇಳಿದರೆ ಮಾತ್ರ ಅದಕ್ಕೆ ಬೆಲೆ ಕಟ್ಟಿ.

ಬೇಗ ಬರುವುದಕ್ಕೆ ಬೆಲೆ ಇಲ್ಲವೆ ಎಂದು ನೀವು ಕೇಳಬಹುದು. ಬೆಂಗಳೂರಿನವರಿಗೆ ಇದೆ, ಏಕೆಂದರೆ ಗೋದಾಮು ಊರ ಅಂಚಿನಲ್ಲೇ ಇದ್ದು, ಬೆಳಿಗ್ಗೆ ಕೇಳಿದ್ದು ಸಂಜೆಗೆ ಬರುವುದು ಸಾಧ್ಯ. ಪರದೆಯ ಮೇಲೆ ಕಾಣುವ ದಿನಾಂಕವನ್ನು ಲೆಕ್ಕ ಹಾಕುವುದು ಸರಕು ಯಾವ ಗೋದಾಮಿನಲ್ಲಿದೆ, ಇವತ್ತಿನ ಲಾರಿಗೆ ಸೇರಿಸಲು ಇನ್ನೆಷ್ಟು ಹೊತ್ತಿದೆ, ನಿಮ್ಮ ಪಿನ್‌ಕೋಡಿಗೆ ಹೋಗುವ ಮುಂದಿನ ಗಾಡಿ ಯಾವಾಗ ಎಂಬುದನ್ನು ಕೂಡಿಸಿ. ಸಾಗರದಂಥ ಊರಿಗೆ ಹೊರಡುವ ಗಾಡಿ ದಿನಕ್ಕೆ ಒಂದೇ ಆಗಿದ್ದರೆ ಸದಸ್ಯರ ಪಾರ್ಸೆಲ್ಲೂ ಉಳಿದವರ ಪಾರ್ಸೆಲ್ಲೂ ಅದರಲ್ಲೇ ಬರಬೇಕು. ನಿಮ್ಮ ಊರಿಗೆ ಎಷ್ಟು ವ್ಯತ್ಯಾಸವಿದೆ ಎಂಬುದನ್ನು ನೀವೇ ಅಳೆಯಬಹುದು. ನೀವು ಪದೇಪದೇ ತರಿಸುವ ನಾಲ್ಕೈದು ವಸ್ತುಗಳ ಪುಟವನ್ನು ನಿಮ್ಮ ಖಾತೆಯಲ್ಲಿ ತೆರೆದು ದಿನಾಂಕ ಬರೆದುಕೊಳ್ಳಿ, ಅದೇ ಹೊತ್ತಿನಲ್ಲಿ ಖಾತೆಯಿಲ್ಲದೆ ಇನ್ನೊಂದು ಬ್ರೌಸರ್‌ನಲ್ಲಿ 577401 ಎಂಬ ನಿಮ್ಮ ಪಿನ್‌ಕೋಡ್ ಹಾಕಿ ನೋಡಿ. ವ್ಯತ್ಯಾಸ ಒಂದು ದಿನವೋ ಶೂನ್ಯವೋ ಆಗಿದ್ದರೆ ನೀವು ಕಟ್ಟುತ್ತಿರುವುದು ವೇಗಕ್ಕಲ್ಲ, ಡೆಲಿವರಿ ಚಾರ್ಜಿನ ಮಾಫಿಗೆ. ಹಾಗೆ ನೋಡುವಾಗ ಬೆಲೆಗಳನ್ನೂ ಹೋಲಿಸಿ. ಸದಸ್ಯತ್ವದ ಗುರುತಿಲ್ಲದ ಇನ್ನೊಬ್ಬ ಮಾರಾಟಗಾರರು ಅದೇ ವಸ್ತುವನ್ನು ಡೆಲಿವರಿ ಚಾರ್ಜ್ ಸೇರಿಸಿಯೂ ಅಗ್ಗಕ್ಕೆ ಕೊಡುತ್ತಿರುವುದು ಅಪರೂಪವೇನಲ್ಲ.

ತಡವಾದರೆ ಇಷ್ಟು ಪರಿಹಾರ ಎಂಬ ಭರವಸೆ ಇಂಥ ಸದಸ್ಯತ್ವಗಳ ಷರತ್ತುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ದಿನಾಂಕವನ್ನು ‘ಅಂದಾಜು’ ಎಂದು ಕರೆದಿರುತ್ತಾರೆ. ಶುಲ್ಕದ ಹಣ ವಾಪಸು ಬಾರದೆಂದು ನಾನು ಮೊದಲೇ ಹೇಳಿದ್ದು ಇದಕ್ಕಾಗಿ. 46 ಆರ್ಡರ್‌ಗಳಲ್ಲಿ ಒಂದು ಎರಡು ತಡವಾದರೆ ಅದನ್ನು ಸದಸ್ಯತ್ವದ ಸೇವೆಯೇ ಕೆಟ್ಟಿದೆ ಎಂದು ತೋರಿಸಲು ಆಗದು. ಹತ್ತೋ ಹನ್ನೆರಡೋ ತಡವಾಗಿದ್ದರೆ ಇಮೇಲ್‌ಗಳನ್ನು ಜೋಡಿಸಿಟ್ಟು ಅದನ್ನೇ ಪ್ರತ್ಯೇಕ ದೂರಾಗಿ ಮಾಡಬಹುದು.

ಶುಲ್ಕ ನಿಂತಲ್ಲಿ ನಿಲ್ಲುವುದಿಲ್ಲ ಎಂಬುದನ್ನೂ ಗಮನಿಸಿ. ಅಮೆಜಾನ್ ಪ್ರೈಮ್ 2016ರ ಜುಲೈಯಲ್ಲಿ ಭಾರತಕ್ಕೆ ಬಂದಾಗ ಆರಂಭದ ಕೊಡುಗೆಯಾಗಿ ವರ್ಷಕ್ಕೆ 499 ರೂಪಾಯಿ ಇತ್ತು, ಮುಂದೆ 999 ಆಯಿತು, 2021ರ ಡಿಸೆಂಬರಿನಲ್ಲಿ 1,499ಕ್ಕೆ ಏರಿತು. ಆದ್ದರಿಂದ ತಾನಾಗಿ ನವೀಕರಣವಾಗುವಂತೆ ಬಿಡದೆ ವರ್ಷವರ್ಷವೂ ಲೆಕ್ಕ ನೋಡಿ ಕಟ್ಟುವುದೇ ವಾಸಿ.

ಅದನ್ನು ನಿಲ್ಲಿಸುವಾಗ ಎರಡು ಕಡೆ ಕೈ ಹಾಕಬೇಕು. ಜಾಲತಾಣದ ಸದಸ್ಯತ್ವ ಪುಟದಲ್ಲಿ ‘ಈಗಲೇ ಕೊನೆಗೊಳಿಸಿ’ ಮತ್ತು ‘ಅವಧಿ ಮುಗಿದಾಗ ಕೊನೆಗೊಳಿಸಿ’ ಎಂಬಂಥ ಎರಡು ಆಯ್ಕೆಗಳಿದ್ದರೆ ಎರಡನೆಯದನ್ನೇ ಒತ್ತಿ, ಉಳಿದ ಮೂರು ವಾರವನ್ನು ಸುಮ್ಮನೆ ಕಳೆದುಕೊಳ್ಳುವುದು ಯಾಕೆ? ‘ಖಂಡಿತವಾಗಿಯೂ ಬಿಡುತ್ತೀರಾ’ ಎಂದು ಮೂರು ನಾಲ್ಕು ಪರದೆಗಳಲ್ಲಿ ಅಡ್ಡಗಟ್ಟಿದರೆ ಸ್ಕ್ರೀನ್‌ಶಾಟ್ ತೆಗೆಯಿರಿ: ಚಂದಾ ಬಿಡುವುದನ್ನು ಬೇಕೆಂದೇ ಕಷ್ಟವಾಗಿಸುವುದನ್ನು 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ನಿಷಿದ್ಧ ತಂತ್ರಗಳ ಪಟ್ಟಿಗೆ ಸೇರಿಸಿದೆ. ಆಮೇಲೆ ಹಣ ಕಡಿತಕ್ಕೆ ಅನುಮತಿ ಕೊಟ್ಟಿರುವ ಯುಪಿಐ ಆ್ಯಪ್‌ನಲ್ಲಿ ಆಟೋಪೇ ವಿಭಾಗಕ್ಕೆ ಹೋಗಿ ಆ ಅನುಮತಿಯನ್ನೂ ರದ್ದುಮಾಡಿ. ಕಾರ್ಡ್ ಆಗಿದ್ದರೆ ಬ್ಯಾಂಕಿನ ಪುಟದಲ್ಲಿ. ರಿಸರ್ವ್ ಬ್ಯಾಂಕಿನ ನಿಯಮದಂತೆ ಇಂಥ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ನಿಮಗೆ ಸಂದೇಶ ಬರಬೇಕು, ಅದರಲ್ಲೇ ಬೇಡವೆನ್ನುವ ದಾರಿಯೂ ಇರಬೇಕು. ಆದರೆ ಸಂದೇಶವನ್ನು ನೋಡದೆ ಹೋದೆವು ಎಂದು ಆಮೇಲೆ ಪರದಾಡುವವರೇ ಹೆಚ್ಚು. 399ರ ಯೋಜನೆಯನ್ನು ಹಳೆಯದರ ಅವಧಿ ಮುಗಿದ ಮೇಲೆ, ಮೊದಲ ಸಣ್ಣ ಆರ್ಡರ್ ಮಾಡಬೇಕಾದ ದಿನ ತೆಗೆದುಕೊಳ್ಳಿ, ಅಲ್ಲಿಯವರೆಗೆ ಅವಸರವಿಲ್ಲ.

ಡಬ್ಬಿಗಳನ್ನು ಮಾತ್ರ ಇವತ್ತೇ ಅಟ್ಟದಿಂದ ಇಳಿಸಿ, 24 ಇವೆಯೇ ಎಂದು ಎಣಿಸಿ, ಮೇಲಿನ ಪ್ಲಾಸ್ಟಿಕ್ ಹೊದಿಕೆಯೊಂದಿಗೆ ಫೋಟೋ ತೆಗೆದಿಡಿ. ಹಿಂದಕ್ಕೆ ಒಯ್ಯಲು ಬಂದವರು ಹೊರಪೆಟ್ಟಿಗೆಯನ್ನೂ ಕೇಳುತ್ತಾರೆ, ಅದನ್ನು ಹಂಡೆಯ ಒಲೆಗೆ ಹಾಕದೆ ಇದ್ದರೆ ಒಳ್ಳೆಯದು.